ನೂರು ಎಂ.ಎಲ್. ಬಾಟಲಿಯ ಲೆಕ್ಕ

ಕಳೆದ ವರ್ಷ ಮಗಳ ಮನೆಗೆಂದು ಲಂಡನ್ನಿಗೆ ಹೊರಟಾಗ ನಮ್ಮಾಕೆಯ ಲೋಶನ್ ಟ್ಯೂಬು ಸೆಕ್ಯುರಿಟಿ ಚೆಕ್‌ನಲ್ಲೇ ಕಸದ ಬುಟ್ಟಿ ಸೇರಿತು. ಟ್ಯೂಬಿನ ಮೇಲೆ 200 ಎಂ.ಎಲ್. ಎಂದು ಬರೆದಿತ್ತು, ಒಳಗಿದ್ದದ್ದು ಹೆಚ್ಚೆಂದರೆ 40. "ರೀ, ಅರ್ಧವೂ ಇಲ್ಲ ಅಂತ ಹೇಳ್ರೀ" ಎಂದು ಇವಳು ನನ್ನ ಮೊಣಕೈ ತಿವಿಯುತ್ತಿದ್ದಳು. ನಾನು ಹೇಳಲಿಲ್ಲ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತವನಿಗೆ ಆ ಹುಡುಗಿ ಮಾಡಿದ್ದು ಸರಿ ಎಂದು ಗೊತ್ತಿತ್ತು. ಅವರು ನೋಡುವುದು ಸ್ಯಾಂಕ್ಷನ್ ಆದ ಲಿಮಿಟ್ಟು, ಖಾತೆಯಲ್ಲಿರುವ ಬಾಕಿಯನ್ನಲ್ಲ. ಡಬ್ಬಿಯ ಸಾಮರ್ಥ್ಯವೇ 100 ಎಂ.ಎಲ್. ಒಳಗಿರಬೇಕು. ಒಳಗೆಷ್ಟಿದೆ ಎಂದು ಅಳೆಯಲು ಕೌಂಟರಿನಲ್ಲಿ ಯಾರಿಗೆ ಪುರುಸೊತ್ತು?

ಈ ನಿಯಮಕ್ಕೆ ಒಂದು ತಾರೀಖಿದೆ. 2006ರ ಆಗಸ್ಟ್ 10ರಂದು, ತಂಪು ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ತುಂಬಿ ಅಟ್ಲಾಂಟಿಕ್ ಮೇಲೆ ವಿಮಾನಗಳನ್ನು ಉಡಾಯಿಸುವ ಸಂಚನ್ನು ಬ್ರಿಟಿಷ್ ಪೊಲೀಸರು ಬಯಲಿಗೆಳೆದರು. ಮೊದಲು ಎಲ್ಲ ದ್ರವಕ್ಕೂ ನಿಷೇಧ ಬಂತು, ಆಮೇಲೆ ಅದೇ ವರ್ಷ 100 ಎಂ.ಎಲ್. ಬಾಟಲಿಗಳು ಒಂದು ಲೀಟರಿನ ಪಾರದರ್ಶಕ ಜಿಪ್ ಚೀಲದಲ್ಲಿ ಎಂಬ ವ್ಯವಸ್ಥೆ. ದ್ರವ ಎಂದರೆ ನೀರಿನಂತೆ ಹರಿಯುವುದು ಮಾತ್ರವಲ್ಲ. ಕ್ರೀಮು, ಜೆಲ್ಲು, ಪೇಸ್ಟು, ವ್ಯಾಸಲೀನ್ ಎಲ್ಲವೂ ಆ ಲೆಕ್ಕಕ್ಕೇ. ಈಗ ಹೊಸ ಸ್ಕ್ಯಾನರ್ ಬಂದ ಕಡೆ ಸಡಿಲಿಕೆ ಇದೆ. ಎಡಿನ್‌ಬರೋದಲ್ಲಿ 2025ರಲ್ಲಿ ಮಿತಿ ಎರಡು ಲೀಟರ್ ಆಯಿತು. ಆದರೆ ನಡುವೆ ವಿಮಾನ ಬದಲಿಸುವ ಊರಿನಲ್ಲಿ ಮತ್ತೆ ತಪಾಸಣೆಯಾದರೆ ಅಲ್ಲಿಯ ನಿಯಮವೇ ನಡೆಯುವುದು. ಹಾಗಾಗಿ ನಮ್ಮಂಥವರಿಗೆ ನೂರೇ ಕ್ಷೇಮ.

ಊರಿಗೆ ಬಂದ ಮೇಲೆ ನಮ್ಮಾಕೆ ಐರೋಲಿ ಮಾರ್ಕೆಟ್ಟಿನಿಂದ ಆರು ಪುಟ್ಟ ಬಾಟಲಿಗಳ ಒಂದು ಸೆಟ್ಟು ತಂದಳು. ನೋಡಲು ಚೆಂದ, ಬಣ್ಣಬಣ್ಣದ ಫ್ಲಿಪ್ ಮುಚ್ಚಳ. ಮುಂದಿನ ಪ್ರಯಾಣದಲ್ಲಿ ಅದರಲ್ಲೊಂದು ಚೆಕ್-ಇನ್ ಸೂಟ್‌ಕೇಸಿನೊಳಗೆ ಲೋಶನ್ ಕಕ್ಕಿ, ಮಗಳಿಗೆಂದು ಒಯ್ದಿದ್ದ ಇಳಕಲ್ ಸೀರೆಯ ಸೆರಗು ಹಾಳಾಯಿತು. ಬಾಟಲಿ ಒಡೆದಿರಲಿಲ್ಲ, ಮುಚ್ಚಳವೂ ತೆರೆದಿರಲಿಲ್ಲ. ಹಾಗಾದರೆ ಯಾಕೆ ಸೋರಿತು? ಕಾಗದ ಪೆನ್ಸಿಲ್ ಹಿಡಿದು ಕೂತೆ.

ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿದ್ದಷ್ಟೇ ಇರುವುದಿಲ್ಲ. ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲೆ ಎಷ್ಟಿರುತ್ತದೋ ಅಷ್ಟರವರೆಗೆ ಇಳಿಯಬಹುದು, ಅಂದರೆ ನಮ್ಮ ಕಡಲ ಮಟ್ಟದ ಮುಕ್ಕಾಲು ಪಾಲು. ಸಾಮಾನಿರುವ ಹೊಟ್ಟೆಯಲ್ಲೂ ಹೆಚ್ಚುಕಡಿಮೆ ಇದೇ ಒತ್ತಡ. ಒತ್ತಡ ಮುಕ್ಕಾಲಾದರೆ ಬಾಟಲಿಯೊಳಗಿನ ಗಾಳಿ ಮೂರನೇ ಒಂದು ಪಾಲು ಹಿಗ್ಗುತ್ತದೆ. ನಮ್ಮಾಕೆ ಹುಷಾರಿಗೆಂದು 100ರ ಬಾಟಲಿಗೆ 60 ಎಂ.ಎಲ್. ಮಾತ್ರ ತುಂಬಿದ್ದಳು. ಉಳಿದ 40 ಎಂ.ಎಲ್. ಗಾಳಿಗೆ ಮೇಲೆ ಹೋದಾಗ 53 ಎಂ.ಎಲ್. ಜಾಗ ಬೇಕು. ಹೆಚ್ಚಿನ 13 ಎಂ.ಎಲ್. ಎಲ್ಲಿಗೆ ಹೋಗಬೇಕು? ಬಾಟಲಿ ತಲೆಕೆಳಗಾಗಿದ್ದರೆ ಗಾಳಿ ತಳದಲ್ಲಿ, ಲೋಶನ್ ಬಾಯಲ್ಲಿ. ಗಾಳಿ ಲೋಶನ್ನನ್ನೇ ಹೊರಗೆ ತಳ್ಳುತ್ತದೆ. ಅದೇ 90 ಎಂ.ಎಲ್. ತುಂಬಿದ್ದರೆ ಗಾಳಿ ಹತ್ತರಿಂದ ಹದಿಮೂರಕ್ಕೆ ಹಿಗ್ಗುತ್ತಿತ್ತು, ಆ ಮೂರು ಎಂ.ಎಲ್. ಅನ್ನು ಮೆತ್ತಗಿನ ಬಾಟಲಿ ತಾನೇ ಉಬ್ಬಿ ಸಹಿಸಿಕೊಳ್ಳುತ್ತಿತ್ತು. ಕಡಿಮೆ ತುಂಬಿದರೆ ಸೋರುವುದಿಲ್ಲ ಎಂಬ ನಮ್ಮೆಲ್ಲರ ನಂಬಿಕೆ ಪೂರ್ತಿ ಉಲ್ಟಾ!

ಪರೀಕ್ಷೆ ಬೇಕಿದ್ದರೆ ವಿಮಾನದಲ್ಲಿ ಅರ್ಧ ಕುಡಿದ ನೀರಿನ ಬಾಟಲಿಯನ್ನು ಗಟ್ಟಿಯಾಗಿ ಮುಚ್ಚಿಟ್ಟುಕೊಳ್ಳಿ. ಇಳಿದ ಮೇಲೆ ಅದು ಒಳಕ್ಕೆ ಸೊಟ್ಟಗಾಗಿರುತ್ತದೆ. ನಿಮ್ಮ ಕ್ರೀಮಿನ ಬಾಟಲಿಯೂ ಇಳಿದ ಮೇಲೆ ಹಾಗೆ ಚಪ್ಪಟೆಯಾಗಿದ್ದರೆ ಮೇಲಿದ್ದಾಗ ಅದರ ಮುಚ್ಚಳದಿಂದ ಏನೋ ಹೊರಗೆ ಹೋಗಿದೆ ಎಂದರ್ಥ.

ಆದ್ದರಿಂದ ಈಗ ನಮ್ಮ ಮನೆಯ ಪದ್ಧತಿ ಹೀಗೆ. ಫ್ಲಿಪ್ ಮುಚ್ಚಳ ಬೇಡ. ತಿರುಪಿನ ಮುಚ್ಚಳ, ಅದರೊಳಗೆ ಬಾಯಿಗೆ ಒತ್ತಿ ಕೂರುವ ಒಳಮುಚ್ಚಳ. ತುಂಬುವ ಹಿಂದಿನ ರಾತ್ರಿ ನೀರು ಹಾಕಿ ಮುಚ್ಚಿ, ಪಕ್ಕೆ ಹಿಂಡಿ, ಹಳೇ ಪೇಪರಿನ ಮೇಲೆ ತಲೆಕೆಳಗಾಗಿ ಇಟ್ಟರೆ ಬೆಳಿಗ್ಗೆ ಅದರ ಯೋಗ್ಯತೆ ತಿಳಿಯುತ್ತದೆ. ಆಮೇಲೆ ಸೋಪಿನಲ್ಲಿ ತೊಳೆದು, ಒಂದು ಇಡೀ ದಿನ ಬಾಯಿ ತೆರೆದು ಒಣಗಿಸಬೇಕು. ತಳದಲ್ಲಿ ಉಳಿದ ನಾಲ್ಕು ಹನಿ ನೀರೇ ಬೂಷ್ಟಿಗೆ ಸಾಕು. ಮುಕ್ಕಾಲಿಗಿಂತ ಹೆಚ್ಚು ತುಂಬಿ, ಪಕ್ಕೆ ಸ್ವಲ್ಪ ಅದುಮಿ ಗಾಳಿ ಹೊರಗೆ ಹಾಕಿ, ಹಾಗೆಯೇ ಮುಚ್ಚಬೇಕು.

ಈಗ ನನ್ನ ಅಸಲಿ ತಕರಾರು. ಬಾಟಲಿಯ ಸೆಟ್ಟು ಮನೆಗೆ ಬಂತೆಂದು ಎಲ್ಲವನ್ನೂ ಅದಕ್ಕೆ ಸುರಿಯುವ ಹುಚ್ಚಿದೆಯಲ್ಲ, ಅದು ತಪ್ಪು. ಮಗಳು ಒಮ್ಮೆ ಇಲ್ಲಿಗೆ ಬರುವಾಗ ತನ್ನ ವಿಟಮಿನ್ ಸಿ ಸೀರಮ್ಮನ್ನು ಕಪ್ಪು ಗಾಜಿನ ಶೀಷೆಯಿಂದ ಬಿಳಿ ಪ್ಲಾಸ್ಟಿಕ್ಕಿಗೆ ಹಾಕಿ ತಂದಿದ್ದಳು. ಮೇ ತಿಂಗಳ ಐರೋಲಿ, ಕಿಟಕಿಯ ಪಕ್ಕದ ಮೇಜು. ಎರಡು ವಾರಕ್ಕೆ ಅದು ಚಹಾದ ಬಣ್ಣಕ್ಕೆ ತಿರುಗಿತು. ಗಾಳಿ, ಬೆಳಕು, ಸೆಕೆ ಈ ಮೂರೂ ಸೇರಿ ಆ ಆಮ್ಲವನ್ನು ಆಕ್ಸಿಡೈಸ್ ಮಾಡಿದ್ದವು. ಬಣ್ಣ ಕಂದಾದರೆ ಅದರ ಕೆಲಸ ಮುಗಿದಂತೆ. ರೆಟಿನಾಲ್ ಕೂಡ ಇದೇ ಜಾತಿ. ಅವುಗಳ ಶೀಷೆ ಹೇಗೂ 30 ಎಂ.ಎಲ್., ಹಾಗೇ ಚೀಲಕ್ಕೆ ಹಾಕಿದರಾಯಿತು, ಸುರಿಯುವ ಅಗತ್ಯವೇನು?

ಸನ್‌ಸ್ಕ್ರೀನನ್ನೂ ಬದಲಿಸಬೇಡಿ. ಅದರ ಲೇಬಲ್ಲಿನ ಎಸ್‌ಪಿಎಫ್ ಭರವಸೆ ಕಂಪನಿ ತನ್ನದೇ ಟ್ಯೂಬಿನಲ್ಲಿ ಇಟ್ಟು ಪರೀಕ್ಷಿಸಿದ ಮಾಲಿಗೆ. ಬೇರೆ ಪ್ಲಾಸ್ಟಿಕ್ಕಿನಲ್ಲಿ ಅದು ಬೇರ್ಪಟ್ಟರೆ ಮುಖ ಸುಟ್ಟ ಮೇಲೆಯೇ ಗೊತ್ತಾಗುವುದು. ಇನ್ನೊಂದು, ಲೋಶನ್ ದಪ್ಪವಾಗಿದೆ, ಸಣ್ಣ ಬಾಯಿಂದ ಬರುತ್ತಿಲ್ಲ ಎಂದು ನೀರು ಬೆರೆಸುವವರಿದ್ದಾರೆ (ನಮ್ಮ ಮನೆಯಲ್ಲೇ!). ನೀರಿನಿಂದ ಅದರಲ್ಲಿರುವ ಪ್ರಿಸರ್ವೇಟಿವ್ ತೆಳುವಾಗುತ್ತದೆ. ಮೇಲೆ ನೀರು, ಕೆಳಗೆ ಗಸಿ ಎಂದು ಒಡೆದರೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ.

ರೈಲಿನಲ್ಲಿ ಒತ್ತಡದ ಕಾಟವಿಲ್ಲ, ಸೆಕೆಯದು. ಠಾಣೆಯಿಂದ ಮತ್ಸ್ಯಗಂಧಾ ಹತ್ತಿ ಕುಂದಾಪುರಕ್ಕೆ ಹೋಗುವ ನಮಗೆ ತೆಂಗಿನೆಣ್ಣೆಯ ಆಟ ಗೊತ್ತೇ ಇದೆ. ಅದು ಕರಗುವುದು ಸುಮಾರು 24 ಡಿಗ್ರಿಗೆ. ಎ.ಸಿ. ಬೋಗಿಯಲ್ಲಿ ಬೆಣ್ಣೆ, ಪ್ಲಾಟ್‌ಫಾರ್ಮಿಗೆ ಇಳಿದರೆ ನೀರು. ಗಟ್ಟಿಯಾಗಿದ್ದಾಗ ಸಡಿಲ ಮುಚ್ಚಳದಲ್ಲೂ ಸೋರುವುದಿಲ್ಲವಾದ್ದರಿಂದ ನಾವು ಮೋಸ ಹೋಗುತ್ತೇವೆ. ಎಣ್ಣೆಯ ಬಾಟಲಿಯನ್ನು ಕರಗಿದ ಸ್ಥಿತಿಯಲ್ಲೇ ಪರೀಕ್ಷಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮತ ಮಾತ್ರ ಸ್ಯಾಶೆಗೇ. ಕಡಲೂರಿನ ಚಿನ್ನಿ ಕೃಷ್ಣನ್ ಶಾಂಪೂವನ್ನು ಪುಟ್ಟ ಪೊಟ್ಟಣಕ್ಕೆ ತುಂಬಿ ಬಡವರ ಕೈಗೆ ಮುಟ್ಟಿಸಿದರು. ಅವರ ಮಗ 1983ರಲ್ಲಿ ಚಿಕ್ ಶಾಂಪೂ ತಂದರು. ಪ್ರಯಾಣಕ್ಕೆ ಅದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಫ್ಯಾಕ್ಟರಿಯಲ್ಲಿ ತುಂಬಿದ್ದು, ಗಾಳಿ ಕಡಿಮೆ, ಬೆಳಕಿಲ್ಲ, ಒಮ್ಮೆ ಹರಿದರೆ ಮುಗಿಯಿತು. ಪ್ಲಾಸ್ಟಿಕ್ ಕಸ ಎಂದು ಮಗಳು ಬೈಯುತ್ತಾಳೆ, ಅದು ನಿಜವೇ, ನನ್ನಲ್ಲಿ ಅದಕ್ಕೆ ಉತ್ತರವಿಲ್ಲ.

ಮುಂದಿನ ತಿಂಗಳು ಮತ್ತೆ ಹೊರಡುವುದಿದೆ. ಚೀಲದಲ್ಲಿ ಲೋಶನ್ನಿನ ಒಂದೇ ಒಂದು ಬಾಟಲಿ, ಅದರ ಮೇಲೆ ತುಂಬಿದ ತಾರೀಖು, ಪಕ್ಕದಲ್ಲಿ ಎಂಟು ಶಾಂಪೂ ಪೊಟ್ಟಣ. ಉಳಿದ ಐದು ಬಾಟಲಿಗಳಲ್ಲಿ ನಮ್ಮಾಕೆ ಈಗ ಇಂಗು, ಏಲಕ್ಕಿ ಪುಡಿ ತುಂಬಿಟ್ಟಿದ್ದಾಳೆ.