ರಾಮಾಯಣ ಬೇಡ, ನಂಬರು ಕೊಡಿ ಸ್ವಾಮಿ!

ಬ್ಯಾಂಕಿನ ಕೌಂಟರಿನ ಮುಂದೆ ದಿನಕ್ಕೆ ನಾಲ್ಕು ಸಲವಾದರೂ ಕೇಳಿಬರುವ ಮಾತು: "ದುಡ್ಡು ಕಟ್ ಆಗಿದೆ, ಅಂಗಡಿಯವನಿಗೆ ಹೋಗಿಲ್ಲ." ಅದಕ್ಕೆ ಒಳಗಿನಿಂದ ಬರುವ ಉತ್ತರವೂ ಒಂದೇ: "ಆ್ಯಪ್‌ನಲ್ಲಿ ಕಂಪ್ಲೇಂಟ್ ಹಾಕಿ." ಹಾಕಿದರೆ ಯಂತ್ರವೊಂದು ಉತ್ತರಿಸುತ್ತದೆ, ಯಂತ್ರವೇ ಮುಚ್ಚುತ್ತದೆ. ಮನುಷ್ಯ ಎಂಬ ಪ್ರಾಣಿ ಅದನ್ನು ಕಣ್ಣೆತ್ತಿ ನೋಡುವುದೇ ಇಲ್ಲ. ತಪ್ಪು ಬ್ಯಾಂಕಿನದ್ದು ಹೌದು. ಆದರೆ ದೂರಿನ ಬರವಣಿಗೆಯೂ ಯಂತ್ರಕ್ಕೆ ಅನುಕೂಲವಾಗಿಯೇ ಇರುತ್ತದಲ್ಲ!

ಉದಾಹರಣೆಗೆ ಹೀಗೊಂದು ಪ್ರಕರಣ ಇಟ್ಟುಕೊಳ್ಳಿ. ರೈತನೊಬ್ಬ 2025ರ ಮಾರ್ಚ್ 3ರಂದು ಗೊಬ್ಬರದ ಅಂಗಡಿಯಲ್ಲಿ ಯುಪಿಐ ಮೂಲಕ 2,340 ರೂಪಾಯಿ ಕೊಟ್ಟ. ಖಾತೆಯಿಂದ ಹಣ ಹೋಯಿತು, ಅಂಗಡಿಯ ಡಬ್ಬಿ ಮಾತ್ರ ಕೂಗಲಿಲ್ಲ. ಪಾಪ, ನಗದು ಕೊಟ್ಟು ಮೂಟೆ ಹೊತ್ತ. ಮಾರ್ಚ್ 5ರಂದು ಆ್ಯಪ್‌ನಲ್ಲಿ "ನನ್ನ ದುಡ್ಡು ಏನಾಯ್ತು?" ಎಂದು ಬರೆದ. ಮರುದಿನವೇ "ಕಾಯಿರಿ" ಎಂಬ ಉತ್ತರದೊಂದಿಗೆ ದೂರು ಬಂದ್!

ಇಲ್ಲಿ ಆದ ಎಡವಟ್ಟು ಎರಡು. ಒಂದನೆಯದು ದಿನದ ಲೆಕ್ಕ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ಅಂಗಡಿಗೆ ಕೊಟ್ಟ ಯುಪಿಐ ಹಣ ತಲುಪದಿದ್ದರೆ ವಹಿವಾಟು ನಡೆದ ದಿನ ಬಿಟ್ಟು ಐದು ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ; ಅದನ್ನೂ ಗಿರಾಕಿ ಕೇಳುವ ಮೊದಲೇ ಕೊಡಬೇಕು. ಈ ರೈತನ ಗಡುವು ಮಾರ್ಚ್ 8. ಅದಕ್ಕೆ ಮುಂಚೆ ಬರೆದದ್ದರಿಂದ "ಕಾಯಿರಿ" ಅನ್ನುವುದಕ್ಕೆ ಯಂತ್ರಕ್ಕೆ ನೆಪ ಸಿಕ್ಕಿತು. ಎರಡನೆಯದು, "ಏನಾಯ್ತು" ಎಂಬುದು ವಿಚಾರಣೆಯೇ ಹೊರತು ದೂರಲ್ಲ. ದೊಡ್ಡ ಬ್ಯಾಂಕುಗಳಲ್ಲಿ ಆಂತರಿಕ ಓಂಬುಡ್ಸ್‌ಮನ್ ಎಂಬ ಅಧಿಕಾರಿ ಇರುತ್ತಾರೆ. ಬ್ಯಾಂಕು ಪೂರ್ತಿಯಾಗಿಯೋ ಭಾಗಶಃವೋ ತಳ್ಳಿಹಾಕುವ ದೂರನ್ನು ಅವರ ಮೇಜಿಗೆ ಕಳಿಸಲೇಬೇಕೆಂಬ ನಿಯಮವಿದೆ. ಗಿರಾಕಿ ನೇರವಾಗಿ ಅವರಿಗೆ ಬರೆಯುವಂತಿಲ್ಲ. ಬರೀ ವಿಚಾರಣೆಯಾದರೆ ಅವರ ಬಾಗಿಲಿಗೂ ಹೋಗುವುದಿಲ್ಲ. ಆದ್ದರಿಂದ ಮೊದಲ ಸಾಲಿನಲ್ಲೇ "ಇದು ದೂರು" ಎಂದು ಬರೆಯುವುದು ಜಾಣತನ.

ಮಾರ್ಚ್ 20ರಂದು ಅದೇ ರೈತ ಬರೆಯಬೇಕಾಗಿದ್ದುದು ಸುಮಾರು ಹೀಗೆ: "ಇದು ದೂರು. 3-3-2025ರ ಬೆಳಿಗ್ಗೆ 11-20ಕ್ಕೆ ನನ್ನ ಖಾತೆಯಿಂದ ರೂ. 2,340 ಕಡಿತವಾಗಿದೆ. 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆ ಇಂತಿಷ್ಟು. ಅಂಗಡಿಗೆ ಜಮಾ ಆಗಿಲ್ಲ. 5-3-2025ರ ನನ್ನ ದೂರು ಸಂಖ್ಯೆ ಇಂತಿಷ್ಟನ್ನು 6ರಂದು ಪರಿಶೀಲಿಸದೆ ಮುಚ್ಚಲಾಗಿದೆ. ಗಡುವು 8-3-2025ಕ್ಕೆ ಮುಗಿದಿದೆ. ಮೂಲ ಹಣ, ಜೊತೆಗೆ ಇಂದಿಗೆ 12 ದಿನದ ರೂ. 1,200 ಕೊಡಬೇಕು. ಜಮಾ ಆಗಿದೆ ಎನ್ನುವುದಾದರೆ ಯಾವ ದಿನ, ಯಾವ ಖಾತೆಗೆ ಎಂದು ತಿಳಿಸಿ." ಇಷ್ಟೇ! ಕೊನೆಯ ಪ್ರಶ್ನೆಗೆ ಸಿದ್ಧ ಉತ್ತರ ಹೊಂದುವುದಿಲ್ಲ, ಯಾರಾದರೂ ಕಡತ ತೆಗೆದು ನೋಡಲೇಬೇಕು.

ನಂಬರಿನ ವಿಷಯದಲ್ಲೇ ಬಹಳ ಜನ ಮೋಸ ಹೋಗುವುದು. ಆ್ಯಪ್ ಕಂಪನಿ ತನ್ನದೇ ಒಂದು ಉದ್ದನೆಯ ನಂಬರು ತೋರಿಸುತ್ತದೆ, ಅದು ಆ ಕಂಪನಿಯ ಲೆಕ್ಕದ್ದು. ಬ್ಯಾಂಕು ಹುಡುಕುವುದು 12 ಅಂಕಿಯದನ್ನು. ವಹಿವಾಟಿನ ವಿವರ ತೆರೆದರೆ ಅದು ಕೆಳಗೆ ಎಲ್ಲೋ ಇರುತ್ತದೆ. ಪಾಸ್‌ಬುಕ್ಕಿನ ಸಾಲಿನಲ್ಲಿಯೂ ಅದೇ ಇದೆಯೇ ಎಂದು ತಾಳೆ ನೋಡಬೇಕು. ಸ್ಕ್ರೀನ್‌ಶಾಟ್ ಮೂರು ಸಾಕು: ಆ್ಯಪ್‌ನ ವಿವರ ಪುಟ, ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಸಾಲು, ಅಂಗಡಿಯವರ ಆ ದಿನದ ಜಮಾ ಪಟ್ಟಿ. ತಾರೀಖು, ವೇಳೆ ಕಾಣದಂತೆ ಕತ್ತರಿಸಿದ ಚಿತ್ರ ಕಸಕ್ಕೆ ಸಮಾನ. ಅಂಗಡಿಯ ಪಟ್ಟಿ ಯಾರೂ ತರುವುದಿಲ್ಲ, ಆದರೆ ಹಣ ತಲುಪಿಲ್ಲ ಎನ್ನುವುದಕ್ಕೆ ಸಾಕ್ಷಿ ಅದೊಂದೇ. ಅಂಗಡಿಯವರೂ ಕೊಡಲು ಗೊಣಗುತ್ತಾರೆ ಬಿಡಿ, ಕೂತು ಕೇಳಬೇಕು.

ಸಿಟ್ಟಿಗೆ ದಿನಕ್ಕೊಂದು ಹೊಸ ದೂರು ಹಾಕುವುದೂ ಬೇಡ. ಮೊದಲನೆಯದೇ ಮುಖ್ಯ, ಮುಂದಿನ ಪತ್ರಗಳಲ್ಲೆಲ್ಲಾ ಆ ಸಂಖ್ಯೆಯನ್ನೇ ಎತ್ತಬೇಕು. ಶಾಖೆಗೆ ಕಾಗದದಲ್ಲಿ ಕೊಟ್ಟರೆ ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಬೇಕು. "ಸೀಲು ಇಲ್ಲಪ್ಪಾ" ಎನ್ನುವ ಮ್ಯಾನೇಜರ್ ಸಾಹೇಬರು ಸಾಲ ವಸೂಲಿಯ ನೋಟೀಸಿಗೆ ಮಾತ್ರ ಸೀಲು ಎಲ್ಲಿಂದ ತರುತ್ತಾರೋ!

ಇವೆಲ್ಲ ಹಣ ದಾರಿಯಲ್ಲಿ ಸಿಕ್ಕಿಕೊಂಡಿದ್ದರೆ ಮಾತ್ರ. ಗಿರಾಕಿಯೇ ಬೇರೊಬ್ಬರ ಕ್ಯೂಆರ್‌ಗೆ ಕಳಿಸಿ ಅದು ಅಲ್ಲಿ ಜಮಾ ಆಗಿದ್ದರೆ ಐದು ದಿನದ ನಿಯಮ ಅನ್ವಯಿಸದು. ವಂಚನೆಯಾದರೆ ಪತ್ರ ಬರೆಯುತ್ತಾ ಕೂರದೆ ತಕ್ಷಣ 1930ಕ್ಕೆ ಫೋನು ಮಾಡಬೇಕು.

ಬ್ಯಾಂಕಿಗೆ 30 ದಿನದ ಅವಕಾಶ. ಮಾರ್ಚ್ 20ರ ಪತ್ರಕ್ಕೆ ಏಪ್ರಿಲ್ 19. ಅಷ್ಟರಲ್ಲಿ ಉತ್ತರವಿಲ್ಲದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಅದೇ ಕಾಗದಗಳೊಂದಿಗೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಕೊಡಬಹುದು, ಶುಲ್ಕ ಇಲ್ಲ. ಅಲ್ಲಿ ಮೊದಲು ಕೇಳುವುದೇ ಬ್ಯಾಂಕಿಗೆ ಯಾವತ್ತು ದೂರು ಕೊಟ್ಟಿರಿ ಎಂದು. ಸೀಲಿನ ನಕಲು ಆಗ ಟ್ರಂಕಿನಿಂದ ಹೊರಗೆ ಬರಬೇಕು.