ಟೂಟ್ ಹೋಯ್ತು ಅಂದ ಮಗುವಿಗೆ ಎರಡು ಭಾಷೆ ಗೊತ್ತು

ಒಂದನೇ, ಎರಡನೇ ತರಗತಿಯ ಪೋಷಕರೇ,

ಕಳೆದ ಪೋಷಕರ ಸಭೆಯಲ್ಲಿ ಹೆಚ್ಚು ಹೊತ್ತು ನಡೆದದ್ದು ಒಂದೇ ಮಾತು. ನಮ್ಮ ಮಕ್ಕಳು ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುತ್ತಾರೆ, ಇದು ಕೆಟ್ಟ ಲಕ್ಷಣ, ಟೀಚರು ಇದನ್ನು ನಿಲ್ಲಿಸುತ್ತಿಲ್ಲ ಎಂದಿರಿ. ಹುಣಸೂರು ಪೇಟೆಯ ಉರ್ದು ಮನೆಗಳವರು, ಹಾಡಿಯಿಂದ ಬಂದವರು, ಮನೆಯಲ್ಲಿ ಕನ್ನಡವನ್ನೇ ಆಡುವವರು ಎಲ್ಲರೂ ಇದನ್ನೇ ಬೇರೆ ಬೇರೆ ರೀತಿಯಲ್ಲಿ ಹೇಳಿದಿರಿ. ಸಭೆ ಗದ್ದಲವಾಗಿ ನನಗೆ ಉತ್ತರ ಹೇಳಲು ಆಗಲಿಲ್ಲ. ನೀವು ಎತ್ತಿದ ಒಂದೊಂದು ಆಕ್ಷೇಪವನ್ನೂ ಇಲ್ಲಿ ತೆಗೆದುಕೊಂಡಿದ್ದೇನೆ. ಓದಿ, ಎರಡೂ ಕಡೆ ತೂಗಿ, ನೀವೇ ತೀರ್ಪು ಕೊಡಿ.

ಮೊದಲ ಆಕ್ಷೇಪ: ಮಗುವಿನ ತಲೆಯಲ್ಲಿ ಭಾಷೆ ಕಲಸುಮೇಲೋಗರವಾಗಿದೆ, ಅದಕ್ಕೇ ಬಾಯಿಗೆ ಬಂದದ್ದನ್ನು ಆಡುತ್ತದೆ. ಬಾಯಿಗೆ ಬಂದದ್ದನ್ನು ಆಡಿದರೆ ಆ ಮಾತಿನಲ್ಲಿ ಕ್ರಮ ಇರಬಾರದು. ಕ್ರಮ ಇದೆಯೋ ಇಲ್ಲವೋ ಒಂದು ವಾಕ್ಯ ಹಿಡಿದು ನೋಡೋಣ. ಒಂದನೇ ತರಗತಿಯ ಹುಡುಗಿಯೊಬ್ಬಳು ಬಂದು, ‘ಮಿಸ್, ನನ್ ಪೆನ್ಸಿಲ್ ಟೂಟ್ ಹೋಯ್ತು’ ಅನ್ನುತ್ತಾಳೆ. ಕನ್ನಡದಲ್ಲಿ ನಾವು ‘ಮುರಿದು ಹೋಯ್ತು’ ಅನ್ನುತ್ತೇವೆ. ಅವಳ ಮನೆಯ ಉರ್ದುವಿನಲ್ಲೂ ಮುರಿಯುವ ಕ್ರಿಯೆ ಮೊದಲು, ‘ಹೋಗು’ ಎಂಬುದು ಆಮೇಲೆ. ಎರಡೂ ಭಾಷೆಯ ಅಚ್ಚು ಇಲ್ಲಿ ಒಂದೇ. ಆ ಅಚ್ಚಿನಲ್ಲಿ ಅವಳು ಬದಲಿಸಿದ್ದು ಮುರಿಯುವುದನ್ನು ಹೇಳುವ ಒಂದು ತುಂಡನ್ನು ಮಾತ್ರ. ಕಾಲವನ್ನು ಹೇಳುವ ಭಾಗ ಕನ್ನಡದ್ದಾಗಿಯೇ ಉಳಿಯಿತು. ಉರ್ದುವಿನಲ್ಲಿ ವಸ್ತುಗಳಿಗೂ ಗಂಡು ಹೆಣ್ಣೆಂಬ ಭೇದವಿದೆ, ಕನ್ನಡದಲ್ಲಿ ಪೆನ್ಸಿಲ್ ನಪುಂಸಕ ಲಿಂಗ. ಅವಳು ‘ಹೋದ’ ಅನ್ನಲಿಲ್ಲ, ‘ಹೋದಳು’ ಅನ್ನಲಿಲ್ಲ, ‘ಹೋಯ್ತು’ ಅಂದಳು. ಆರು ವರ್ಷದ ಮಗು ಎರಡು ವ್ಯಾಕರಣಗಳು ಕೂಡುವ ಜಾಗವನ್ನು ಗುರುತಿಸಿ, ಅಲ್ಲೇ ಒಂದು ಪದ ಬದಲಿಸಿ, ಮಿಕ್ಕಿದ್ದನ್ನು ಕನ್ನಡದ ನಿಯಮದಂತೆ ಮುಗಿಸಿದೆ. ಇದಕ್ಕೆ ಗೊಂದಲ ಎಂಬ ಹೆಸರು ಸಲ್ಲುವುದಿಲ್ಲ.

ಇಂಗ್ಲಿಷ್ ಬೆರೆಸುವ ಮಕ್ಕಳಲ್ಲೂ ಇದೇ ಕಾಣುತ್ತದೆ. ‘ಬ್ಯಾಗಲ್ಲಿದೆ’ ಅನ್ನುತ್ತಾರೆ, ‘ಇನ್ ಬ್ಯಾಗು ಇದೆ’ ಅನ್ನುವ ಮಗುವನ್ನು ನಾನು ಕಂಡಿಲ್ಲ. ಇಂಗ್ಲಿಷಿನಲ್ಲಿ ‘ಅಲ್ಲಿ’ ಎಂಬ ಅರ್ಥದ ಪದ ನಾಮಪದದ ಮುಂದೆ ಕೂರುತ್ತದೆ, ಕನ್ನಡದಲ್ಲಿ ಅದು ಪ್ರತ್ಯಯವಾಗಿ ಹಿಂದೆ ಅಂಟುತ್ತದೆ. ಮಗು ಪದವನ್ನು ತೆಗೆದುಕೊಂಡಿತು, ಅದರ ಜಾಗವನ್ನು ಕನ್ನಡಕ್ಕೆ ಬಿಟ್ಟಿತು. ‘ಅವ್ನು ನಂಗೆ ಪುಷ್ ಮಾಡ್ದ’ ಎಂದು ದೂರು ಹೇಳುವಾಗಲೂ ಭೂತಕಾಲ ಬರುವುದು ‘ಮಾಡ್ದ’ದಲ್ಲಿ. ಕನ್ನಡ–ಇಂಗ್ಲಿಷ್ ಬೆರಕೆಯನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿದವರು ಭಾಷಾವಿಜ್ಞಾನಿ ಎಸ್. ಎನ್. ಶ್ರೀಧರ್. 1978ರಲ್ಲಿ ಅವರ ಒಂದು ಪ್ರಬಂಧ ಬಂತು, 1980ರಲ್ಲಿ ಕಮಲ್ ಶ್ರೀಧರ್ ಜೊತೆಗೂಡಿ ಬರೆದ ಇನ್ನೊಂದು. ಹೊರಗಿನಿಂದ ಬಂದ ತುಂಡು ತನ್ನ ಒಳರಚನೆಯನ್ನು ಉಳಿಸಿಕೊಂಡರೂ, ವಾಕ್ಯದಲ್ಲಿ ಅದು ಎಲ್ಲಿ ಕೂರಬೇಕೆಂಬುದನ್ನು ಆತಿಥೇಯ ಭಾಷೆ ತೀರ್ಮಾನಿಸುತ್ತದೆ ಎಂಬುದು ಅವರು ಕಂಡುಕೊಂಡ ನಿಯಮ. ಅವರು ನೋಡಿದ್ದು ಓದಿದ ದೊಡ್ಡವರ ಮಾತನ್ನು. ಅದೇ ನಿಯಮವನ್ನು ನಿಮ್ಮ ಮಕ್ಕಳು ಅಂಗಳದಲ್ಲಿ ಆಡುತ್ತಾ ಪಾಲಿಸುತ್ತಿದ್ದಾರೆ.

ಎರಡನೆಯದು: ಇವು ಎರಡು ಬೇರೆ ಭಾಷೆ ಎಂಬುದೇ ಮಗುವಿಗೆ ಗೊತ್ತಿಲ್ಲ. ಹಾಗಿದ್ದರೆ ಮಗು ಎಲ್ಲರ ಹತ್ತಿರವೂ ಒಂದೇ ಪ್ರಮಾಣದಲ್ಲಿ ಬೆರೆಸಬೇಕಿತ್ತು. ಬೆರೆಸುತ್ತದೆಯೇ? ಸಭೆಯಲ್ಲಿ ಇದನ್ನು ಹೇಳಿದವರಲ್ಲಿ ಯಾರೂ ಗಮನಿಸಿ ನೋಡಿರಲಿಲ್ಲ. ಪೆನ್ಸಿಲ್ ಮುರಿದ ಅದೇ ಹುಡುಗಿ ನಲಿ–ಕಲಿ ಗುಂಪಿನಲ್ಲಿ ಕೂತಾಗ ಬಲಗಡೆಯ ಗೆಳತಿಗೆ ಪೂರಾ ಉರ್ದುವಿನಲ್ಲಿ ಹೇಳಿ, ಎಡಗಡೆಯ ಹುಡುಗನಿಗೆ ಅದನ್ನೇ ಕನ್ನಡದಲ್ಲಿ ಹೇಳುತ್ತಾಳೆ. ನನ್ನ ಹತ್ತಿರ ಬೆರೆಸುವುದು ನನಗೆ ಎರಡೂ ಅರ್ಥವಾಗುತ್ತದೆಂದು ಅವಳು ಕಂಡುಕೊಂಡಿದ್ದರಿಂದ. ಉರ್ದು ಬಾರದ ಅಡುಗೆ ಸಹಾಯಕಿಯ ಹತ್ತಿರ ಅವಳು ಬೆರೆಸುವುದು ತೀರಾ ಕಡಿಮೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಫ್ರೆಡ್ ಜೆನೆಸೀ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದ್ದ ಮಕ್ಕಳಿಗೆ ಎರಡು ವರ್ಷದ ಆಸುಪಾಸು. ಅಪ್ಪ ಅಮ್ಮನ ಭಾಷೆ ಬೇರೆ ಬೇರೆ. ಆ ಪುಟ್ಟ ಮಕ್ಕಳೂ ಬೆರೆಸುತ್ತಿದ್ದರು, ಆದರೆ ಅಮ್ಮನ ಭಾಷೆಯನ್ನು ಅಪ್ಪನಿಗಿಂತ ಅಮ್ಮನೊಡನೆಯೇ ಹೆಚ್ಚು ಬಳಸುತ್ತಿದ್ದರು. ನೀವೂ ಮನೆಯಲ್ಲಿ ಪರೀಕ್ಷಿಸಬಹುದು. ಒಂದೇ ಸಂಗತಿಯನ್ನು ಅಜ್ಜಿಗೂ ಪಕ್ಕದ ಮನೆಯವರಿಗೂ ಹೇಳಿ ಬಾ ಎಂದು ಮಗುವನ್ನು ಕಳಿಸಿ, ಎರಡೂ ಕಡೆ ಕಿವಿಗೊಟ್ಟು ಕೇಳಿ.

ಮೂರನೆಯ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಅದರ ಹಿಂದೆ ಭಯವಿದೆ: ಮಗುವಿಗೆ ಪದಗಳು ಕಡಿಮೆ, ಎರಡು ಭಾಷೆಯಿಂದ ಮಾತು ಹಿಂದುಳಿದಿದೆ. ಕಡಿಮೆ ಎಂದು ಎಣಿಸಿದ್ದು ಹೇಗೆ ಎಂದು ಮೊದಲು ಕೇಳಬೇಕು. 20 ಚಿತ್ರ ತೋರಿಸಿದಿರಿ ಅಂದುಕೊಳ್ಳಿ. ಮಗು 12ಕ್ಕೆ ಕನ್ನಡದಲ್ಲಿ ಹೆಸರು ಹೇಳಿತು. ಕನ್ನಡವನ್ನೇ ಆಡುವ ಮನೆಯ ಮಗು 15 ಹೇಳಿತು. ಇಲ್ಲಿಗೇ ಪುಸ್ತಕ ಮುಚ್ಚಿದರೆ ಮೊದಲ ಮಗು ಹಿಂದೆ ಬಿತ್ತು. ಅದೇ ಚಿತ್ರಗಳನ್ನು ಮನೆಮಾತಿನಲ್ಲಿ ಕೇಳಿ. 11ಕ್ಕೆ ಹೇಳುತ್ತದೆ, ಅದರಲ್ಲಿ 5 ಮಾತ್ರ ಎರಡೂ ಭಾಷೆಯಲ್ಲಿ ಬಂದವು. ಅಂದರೆ ಅದಕ್ಕೆ ಹೆಸರು ಗೊತ್ತಿರುವ ಚಿತ್ರಗಳು 18. ಅರ್ಧ ಗಂಟು ಬಿಚ್ಚಿ ಇಷ್ಟೇ ಸಾಮಾನು ಎಂದು ಬರೆದುಕೊಂಡಂತಾಯಿತು ಮೊದಲ ಎಣಿಕೆ. ಅಡುಗೆಮನೆಯ ಪದ ಮನೆಮಾತಿನಲ್ಲಿ, ಶಾಲೆಯ ಪದ ಕನ್ನಡದಲ್ಲಿ ಮೊದಲು ಬರುವುದು ಸಹಜ. ಒಂದರಲ್ಲಿ ಇನ್ನೂ ಸಿಗದ ಪದವನ್ನು ಇನ್ನೊಂದರಿಂದ ತಂದು ವಾಕ್ಯವನ್ನು ಪೂರ್ತಿ ಮಾಡುವುದು ಬೆರಕೆಗಿರುವ ಕಾರಣಗಳಲ್ಲಿ ಒಂದು, ಅದನ್ನು ನಾನೂ ಒಪ್ಪುತ್ತೇನೆ. ಮಾತು ನಿಲ್ಲಿಸುವುದಕ್ಕಿಂತ ಹಾಗೆ ಪೂರ್ತಿ ಮಾಡುವುದು ಮೇಲು.

ನಿಜವಾದ ತೊಂದರೆಯ ಗುರುತು ಬೇರೆ. ಒಂದೂವರೆ ವರ್ಷವಾದರೂ ಯಾವ ಭಾಷೆಯಲ್ಲೂ ಒಂದು ಪದವೂ ಇಲ್ಲ, ಎರಡು ತುಂಬಿದರೂ ಎರಡು ಪದ ಕೂಡಿಸುವುದಿಲ್ಲ, ಕರೆದರೆ ತಿರುಗುವುದಿಲ್ಲ, ಬರುತ್ತಿದ್ದ ಮಾತು ನಿಂತುಹೋಗಿದೆ. ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ದೇಶಕ್ಕೇ ಹೆಸರಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಮೈಸೂರಿನಲ್ಲೇ ಇದೆ, ಅಲ್ಲಿಗೆ ಕರೆದುಕೊಂಡು ಹೋಗಿ. ಮಾತಿನ ತೊಂದರೆ ಇರುವ ಮಗುವಿನಲ್ಲಿ ಅದು ಎರಡೂ ಭಾಷೆಯಲ್ಲಿ ಕಾಣಿಸುತ್ತದೆ. ಒಂದು ಭಾಷೆಯಲ್ಲಿ ಕಥೆ ಹೇಳಿ, ಜಗಳವಾಡಿ, ಇನ್ನೊಂದರಲ್ಲಿ ತಡವರಿಸುವ ಮಗುವಿಗೆ ಬೇಕಿರುವುದು ಆ ಇನ್ನೊಂದು ಭಾಷೆಯನ್ನು ಕೇಳುವ, ಆಡುವ ಅವಕಾಶ, ಔಷಧಿಯಲ್ಲ.

ಈಗ ನೀವು ಸೂಚಿಸಿದ ಪರಿಹಾರಕ್ಕೆ ಬರುತ್ತೇನೆ: ಮನೆಮಾತನ್ನು ನಿಲ್ಲಿಸಿಬಿಡಿ, ಎಲ್ಲ ಸರಿಹೋಗುತ್ತದೆ. ಈ ಸಲಹೆ ಕೊಟ್ಟವರೇ ಅದೇ ಸಭೆಯಲ್ಲಿ, ಇಂಗ್ಲಿಷನ್ನು ಒಂದನೇ ತರಗತಿಯಿಂದ ಇನ್ನೂ ಹೆಚ್ಚು ಹೇಳಿಕೊಡಿ ಎಂದೂ ಕೇಳಿದಿರಿ. ಎರಡು ಭಾಷೆ ಮಗುವಿನ ತಲೆ ಕೆಡಿಸುವುದು ನಿಜವಾದರೆ ಇಂಗ್ಲಿಷೂ ಕೆಡಿಸಬೇಕು. ಇಂಗ್ಲಿಷ್ ಕೆಡಿಸುವುದಿಲ್ಲ ಎನ್ನುವುದಾದರೆ ಉರ್ದುವಾಗಲಿ ಹಾಡಿಯ ಮಾತಾಗಲಿ ಏಕೆ ಕೆಡಿಸಬೇಕು? ‘ಅಮ್ಮ, ವಾಟರ್ ಕೊಡು’ ಅಂದ ಮಗುವನ್ನು ಚುರುಕು ಎಂದು ನೆಂಟರ ಮುಂದೆ ನಿಲ್ಲಿಸುತ್ತೀರಿ. ‘ಅಮ್ಮ, ಪಾನಿ ಕೊಡು’ ಅಂದ ಮಗುವಿಗೆ ಗದರುತ್ತೀರಿ. ವಾಕ್ಯ ಎರಡರಲ್ಲೂ ಒಂದೇ, ಬದಲಾದ ಪದವೂ ಒಂದೇ. ತೀರ್ಪು ಬದಲಾಗಿದ್ದು ಆ ಭಾಷೆಗೆ ಪೇಟೆಯಲ್ಲಿರುವ ಬೆಲೆಯಿಂದ. ಅದನ್ನು ಮಗುವಿನ ಬುದ್ಧಿಯ ದೋಷವಾಗಿ ತೋರಿಸುವುದು ನ್ಯಾಯವಲ್ಲ.

ಆ ಪರಿಹಾರವನ್ನು ಪಾಲಿಸಿದರೆ ಮನೆಯಲ್ಲಿ ಆಗುವುದೇನು? ಕನ್ನಡ ಅಷ್ಟಾಗಿ ಬಾರದ ತಾಯಿ, ಮಗುವಿನ ಹತ್ತಿರ ಕನ್ನಡ ಮಾತ್ರ ಆಡಬೇಕೆಂದು ಹೊರಟರೆ ‘ಬಾ’, ‘ಕೂರು’, ‘ಉಣ್ಣು’, ‘ಓದು’ ಎಂಬಷ್ಟಕ್ಕೆ ಮಾತು ನಿಲ್ಲುತ್ತದೆ. ನಿನ್ನೆ ಸಂತೆಯಲ್ಲಿ ನಡೆದದ್ದು, ಹಸು ಏಕೆ ಹಾಲು ಕೊಡುತ್ತಿಲ್ಲ, ಅಜ್ಜ ಕಾಡಿನಲ್ಲಿ ಜೇನು ಹೇಗೆ ಇಳಿಸುತ್ತಿದ್ದರು ಎಂಬ ಉದ್ದದ ಮಾತು ಇಲ್ಲವಾಗುತ್ತದೆ. ಕಾರಣ ಹೇಳುವುದು, ಒಂದರ ನಂತರ ಒಂದನ್ನು ಜೋಡಿಸಿ ಹೇಳುವುದು ಮಗುವಿಗೆ ಬರುವುದೇ ಅಂಥ ಮಾತಿನಿಂದ. ಅಲ್ಲಿ ಕಲಿತದ್ದು ಕನ್ನಡ ಪಾಠಕ್ಕೂ ಒದಗುತ್ತದೆ. ಮಗು ಮಾತಾಡುತ್ತಲೇ ಕಲಿಯುತ್ತದೆ ಎಂದು ಎಚ್.ಡಿ. ಕೋಟೆ ತಾಲ್ಲೂಕಿನವರಿಗೆ ನಾನು ಹೊಸದಾಗಿ ಹೇಳಬೇಕಿಲ್ಲ. 1995ರಲ್ಲಿ ನಲಿ–ಕಲಿ ಶುರುವಾದದ್ದು ಅಲ್ಲಿ. ಯುನಿಸೆಫ್ ನೆರವಿನಿಂದ ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದು, ಕಾರ್ಡುಗಳನ್ನೂ ಹಾಡುಗಳನ್ನೂ ತಾವೇ ಕಟ್ಟಿದರು, ಆಮೇಲೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿತು. ಮಗು ಬಾಯಿಬಿಟ್ಟು ಮಾತಾಡದಿದ್ದರೆ ಆ ಪದ್ಧತಿಯಲ್ಲಿ ಒಂದು ಮೆಟ್ಟಿಲೂ ಏರಲಾಗದು. ಬೆರೆಸಿದ್ದಕ್ಕೆ ಬೈಸಿಕೊಂಡ ಮಗು ತಿದ್ದಿದ ವಾಕ್ಯದೊಡನೆ ಮರಳಿ ಬರುವುದಿಲ್ಲ. ಸುಮ್ಮನೆ ಕೂರುತ್ತದೆ. ನನ್ನ ತರಗತಿಯಲ್ಲಿ ಅತ್ಯಂತ ಕಷ್ಟದ ಮಕ್ಕಳು ಬೆರೆಸುವವರಲ್ಲ, ಹಾಗೆ ಸುಮ್ಮನಾದವರು.

ಬೆರಕೆಯಿಂದ ಕನ್ನಡವೇ ಕೆಟ್ಟುಹೋಗುತ್ತದೆ ಎಂದ ಹಿರಿಯರೊಬ್ಬರಿಗೆ ಚಿಕ್ಕ ಉತ್ತರ ಸಾಕು. ‘ಬ್ಯಾರನ್‌ಗೆ ಲೋಡ್ ಮಾಡಿದ್ದೆ, ಹರಾಜಲ್ಲಿ ಬೇಲ್‌ಗೆ ರೇಟೇ ಬರಲಿಲ್ಲ’ ಎಂದು ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತರು ದಿನವೂ ಆಡುತ್ತಾರೆ. ಅದರಲ್ಲಿ ಇಂಗ್ಲಿಷಿದೆ, ಉರ್ದುವಿನಿಂದ ಬಂದದ್ದಿದೆ, ವಾಕ್ಯ ಮಾತ್ರ ಅಪ್ಪಟ ಕನ್ನಡ. ಅವರಿಗೆ ಭಾಷೆ ಬರುವುದಿಲ್ಲ ಎಂದು ಯಾರೂ ಹೇಳುವುದಿಲ್ಲ. ದೊಡ್ಡವರಿಗೆ ಕೊಟ್ಟ ಈ ಮಾನ್ಯತೆಯನ್ನು ಮಗುವಿಗೆ ಇಲ್ಲವೆನ್ನಲು ಕಾರಣ ಬೇಕು. ಆ ಕಾರಣವನ್ನು ಅವರು ಕೊಡಲಿಲ್ಲ.

ಕೊನೆಯದು ನನ್ನ ಮೇಲಿನ ದೂರು: ಟೀಚರು ತಿದ್ದುವುದಿಲ್ಲ. ತಿದ್ದುತ್ತೇನೆ, ಗದರುವುದಿಲ್ಲ. ‘ಪೆನ್ಸಿಲ್ ಟೂಟ್ ಹೋಯ್ತು’ ಅಂದ ಮಗುವಿಗೆ, ‘ಅಯ್ಯೋ, ಪೆನ್ಸಿಲ್ ಮುರಿದು ಹೋಯ್ತಾ? ಹೇಗೆ ಮುರೀತು?’ ಎಂದು ಕೇಳುತ್ತೇನೆ. ಉತ್ತರ ಹೇಳಲು ಅದಕ್ಕೆ ‘ಮುರಿ’ ಎಂಬ ಕ್ರಿಯಾಪದ ಬೇಕಾಗುತ್ತದೆ, ಅದನ್ನು ನಾನು ಈಗಷ್ಟೇ ಎರಡು ಸಲ ಆಡಿದ್ದೇನೆ. ಕೆಲವರು ಅಲ್ಲೇ ಹಿಡಿಯುತ್ತಾರೆ, ಕೆಲವರಿಗೆ ವಾರಗಳು ಬೇಕು. ಬರವಣಿಗೆಯ ನಿಯಮ ಬೇರೆ. ಎರಡನೇ ತರಗತಿಯ ಕೊನೆಯ ಹೊತ್ತಿಗೆ ಬರೆಯುವ ವಾಕ್ಯ ಪೂರ್ತಿ ಕನ್ನಡದಲ್ಲಿರಬೇಕೆಂದು ನಾನು ಹಟ ಹಿಡಿಯುತ್ತೇನೆ. ಅನುಮಾನ ಉಳಿದವರು ಮಧ್ಯಾಹ್ನದ ಊಟದ ಮೊದಲಿನ ಅವಧಿಗೆ ಬಂದು ಹಿಂದಿನ ಸಾಲಿನಲ್ಲಿ ಕೂತು ಕೇಳಿ. ನಿಮ್ಮ ಮಗು ಯಾರ ಹತ್ತಿರ, ಯಾವ ಪದವನ್ನು, ವಾಕ್ಯದ ಯಾವ ಜಾಗದಲ್ಲಿ ಬದಲಿಸಿತು ಎಂದು ಬರೆದುಕೊಳ್ಳಿ. ಮುಂದಿನ ಸಭೆಗೆ ಆ ಚೀಟಿ ತನ್ನಿ, ಅದರ ಮೇಲೆ ಮಾತಾಡೋಣ.

ಇಂತಿ,
ನಿಮ್ಮ ಮಕ್ಕಳ ತರಗತಿ ಶಿಕ್ಷಕಿ