ಡಿಫರೆನ್ಶಿಯಲ್‌ಗೆ ಬೆಸುಗೆ ಹಾಕಿಸಿಕೊಳ್ಳೋ ಅಣ್ಣಂದಿರಿಗೆ ಒಂದು ಮಾತು

ಎರಡು ವರ್ಷದಿಂದ ನಮ್ಮ ಸುತ್ತಮುತ್ತ ಒಂದು ಮಾತು ಓಡಾಡ್ತಾ ಇದೆ. "ಗದ್ದೆ ಕೆಸರಲ್ಲಿ ಒಂದು ಚಕ್ರ ಸುಮ್ನೆ ಸುತ್ತುತ್ತೆ, ಇನ್ನೊಂದು ನಿಂತುಬಿಡುತ್ತೆ. ಇದಕ್ಕೆಲ್ಲ ಕಾರಣ ಡಿಫರೆನ್ಶಿಯಲ್. ಒಳಗಿರೋ ಸ್ಟಾರ್ ಪಿನಿಯನ್‌ಗೆ ಬೆಸುಗೆ ಹಾಕಿಸಿಬಿಡಿ, ಎರಡೂ ಚಕ್ರ ಒಟ್ಟಿಗೇ ತಿರುಗುತ್ವೆ, ಮತ್ತೆ ಗಾಡಿ ಹೂತುಕೊಳ್ಳಲ್ಲ." ಲಾಕ್ ಪೆಡಲ್ ಕೆಟ್ಟಿರೋ ಹಳೇ ಟ್ರ್ಯಾಕ್ಟರಿನವರಿಗೆ ಈ ಮಾತು ಬೆಲ್ಲದ ಹಾಗೆ ಕೇಳುತ್ತೆ, ಯಾಕಂದ್ರೆ ಲಾಕ್ ರಿಪೇರಿಗಿಂತ ಬೆಸುಗೆ ಅಗ್ಗ. ಇದು ತಪ್ಪು ಅಂತ ನಾನು ಟೀ ಅಂಗಡಿಯಲ್ಲಿ ಹೇಳಿ ಹೇಳಿ ಸಾಕಾಯ್ತು. ಅದಕ್ಕೇ ಇಲ್ಲಿ ಉದ್ದಕ್ಕೆ ಬರೀತಾ ಇದೀನಿ.

ಮೊದಲು ಕಣ ನೆನಪು ಮಾಡ್ಕೊಳ್ಳಿ. ಈಗಿನ ಹುಡುಗರು ನೋಡಿರಲಿಕ್ಕಿಲ್ಲ, ನನ್ನ ವಯಸ್ಸಿನವರು ಹುಲ್ಲು ತುಳಿಸಿದ್ದೀವಿ. ಮೇಟಿ ಕಂಬಕ್ಕೆ ಸಾಲಾಗಿ ಎತ್ತು ಕಟ್ಟಿ ಸುತ್ತು ಹೊಡೆಸುವಾಗ ಮೇಟಿ ಪಕ್ಕಕ್ಕೆ ಮುದಿ ಎತ್ತು ಕಟ್ತಿದ್ವಿ, ಹೊರಗಿನ ತುದಿಗೆ ಚುರುಕಿನ ಎತ್ತು. ಯಾಕೆ? ಒಳಗಿನದು ನಾಲ್ಕು ಹೆಜ್ಜೆ ಇಡೋದ್ರೊಳಗೆ ಹೊರಗಿನದು ಹತ್ತು ಹೆಜ್ಜೆ ಇಡಬೇಕು. ಎರಡೂ ಒಂದೇ ಲೆಕ್ಕದಲ್ಲಿ ಹೆಜ್ಜೆ ಇಡಲಿ ಅಂತ ಹಟ ಹಿಡಿದರೆ ಒಂದೋ ಹಗ್ಗ ಕೀಳುತ್ತೆ, ಇಲ್ಲಾ ಎತ್ತಿನ ಕತ್ತು ತಿರುಚುತ್ತೆ. ಟ್ರ್ಯಾಕ್ಟರ್ ಹಿಂದಿನ ಚಕ್ರಗಳ ಕಥೆ ಇದೇ.

ನಾನು ನನ್ನ ಗಾಡಿಯನ್ನೇ ಅಳೆದಿದೀನಿ. ಹಿಂದಿನ ಎರಡು ಟೈರಿನ ನಡುಮಧ್ಯದಿಂದ ನಡುಮಧ್ಯಕ್ಕೆ ನಾಲ್ಕೂವರೆ ಅಡಿ. ಬದದ ತುದಿಯಲ್ಲಿ ಪೂರ್ತಿ ಹಿಂದಕ್ಕೆ ತಿರುಗಿಸಿಕೊಳ್ಳುವಾಗ ಒಳಚಕ್ರ 8 ಅಡಿ ದೂರದಲ್ಲಿ ಅರ್ಧ ಸುತ್ತು ಹಾಕಿದರೆ ಅದು ನಡೆಯೋದು ಸುಮಾರು 25 ಅಡಿ. ಹೊರಚಕ್ರ ಹನ್ನೆರಡೂವರೆ ಅಡಿ ದೂರದಲ್ಲಿ ಸುತ್ತೋದ್ರಿಂದ 39 ಅಡಿ ನಡೀಬೇಕು. ವ್ಯತ್ಯಾಸ 14 ಅಡಿ. ನನ್ನ 13.6-28 ಟೈರಿಗೆ ದಾರ ಸುತ್ತಿ ನೋಡಿದರೆ ಹದಿಮೂರು ಅಡಿ ಚಿಲ್ಲರೆ ಬರುತ್ತೆ. ಅಂದ್ರೆ ಒಂದೊಂದು ಸಲ ಹಿಂದಕ್ಕೆ ತಿರುಗಿಸಿಕೊಂಡಾಗಲೂ ಹೊರಗಿನ ಚಕ್ರ ಒಳಗಿನದಕ್ಕಿಂತ ಸರಿಸುಮಾರು ಒಂದು ಸುತ್ತು ಜಾಸ್ತಿ ತಿರುಗಲೇಬೇಕು.

"ನಾನು ಅಗಲಕ್ಕೆ ತಿರುಗಿಸ್ತೀನಿ, ನನಗೆ ಏನೂ ಆಗಲ್ಲ" ಅನ್ನೋರಿಗೆ ಇನ್ನೊಂದು ಲೆಕ್ಕ. 50 ಅಡಿ ದೂರದಲ್ಲಿ ಅದೇ ಅರ್ಧ ಸುತ್ತು ಹಾಕಿ. ಒಳಚಕ್ರ 157 ಅಡಿ, ಹೊರಚಕ್ರ 171 ಅಡಿ. ವ್ಯತ್ಯಾಸ ಮತ್ತೆ ಅದೇ 14! ತಿರುವು ಅಗಲ ಆದಷ್ಟೂ ಅದು ಉದ್ದಕ್ಕೆ ಹರಡಿಕೊಳ್ಳುತ್ತೆ, ನಿಧಾನಕ್ಕೆ ಆಗುತ್ತೆ, ಆದರೆ ಎಲ್ಲೂ ಹೋಗಲ್ಲ. ಎರಡು ಚಕ್ರದ ನಡುವಿನ ಅಗಲ ಬದಲಾಗದ ಹೊರತು ಅದು ಬದಲಾಗಲ್ಲ.

ಎತ್ತಿನ ಗಾಡಿಗೆ ಈ ತಲೆನೋವು ಇಲ್ಲ, ಅದರ ಚಕ್ರ ಎರಡೂ ಅಚ್ಚಿನ ಮೇಲೆ ಬೇರೆ ಬೇರೆಯಾಗಿ ತಿರುಗುತ್ವೆ. ಟ್ರ್ಯಾಕ್ಟರಲ್ಲಿ ಎರಡು ಚಕ್ರಕ್ಕೂ ಇಂಜಿನ್ ಎಳೆತ ಹೋಗಬೇಕು, ಜೊತೆಗೆ ಎರಡೂ ಬೇರೆ ವೇಗದಲ್ಲಿ ತಿರುಗಬೇಕು. ಆ ಎರಡೂ ಕೆಲಸ ಒಟ್ಟಿಗೆ ಮಾಡೋದೇ ಡಿಫರೆನ್ಶಿಯಲ್. ಇದೇನು ಕಂಪನಿಯವರು ಮೊನ್ನೆ ತಂದ ಹೊಸ ನಾಟಕ ಅಲ್ಲ. 1828ರಲ್ಲೇ ಫ್ರಾನ್ಸಿನ ಪೆಕ್ಕರ್ ಅನ್ನೋನು ಉಗಿಬಂಡಿಗೆ ಅಂತ ಇದಕ್ಕೆ ಪೇಟೆಂಟ್ ಮಾಡಿಸಿದ್ದ.

ಒಳಗೆ ಏನಾಗುತ್ತೆ ಅಂತ ಬಿಚ್ಚಿ ನೋಡಿದವರಿಗೆ ಗೊತ್ತು. ಕ್ರೌನ್ ವೀಲ್‌ಗೆ ಒಂದು ಹೌಸಿಂಗ್ ಬೋಲ್ಟ್ ಮಾಡಿರುತ್ತೆ. ಅದರ ಒಳಗೆ ಅಡ್ಡ ಪಿನ್ನಿನ ಮೇಲೆ ಸ್ಟಾರ್ ಪಿನಿಯನ್‌ಗಳು, ಅವುಗಳ ಎಡಕ್ಕೆ ಬಲಕ್ಕೆ ಒಂದೊಂದು ಸೈಡ್ ಗೇರ್, ಅದರಿಂದ ಆ ಕಡೆ ಈ ಕಡೆ ಚಕ್ರಕ್ಕೆ ಶಾಫ್ಟ್. ನೆಟ್ಟಗೆ ಹೋಗುವಾಗ ಸ್ಟಾರ್ ಪಿನಿಯನ್ ತನ್ನ ಪಿನ್ನಿನ ಮೇಲೆ ತಿರುಗೋದೇ ಇಲ್ಲ, ಹೌಸಿಂಗ್ ಜೊತೆ ಸುಮ್ನೆ ಸವಾರಿ ಮಾಡುತ್ತೆ. ತಿರುವು ಬಂದಾಗ ಒಳಚಕ್ರಕ್ಕೆ ನೆಲ ತಡೆ ಕೊಡುತ್ತೆ. ಆಗ ಪಿನಿಯನ್ ಉರುಳೋಕೆ ಶುರು ಮಾಡಿ, ಒಳಗೆ ಎಷ್ಟು ಕಮ್ಮಿ ಆಯ್ತೋ ಅಷ್ಟನ್ನೇ ಹೊರಗೆ ಸೇರಿಸುತ್ತೆ. ಕ್ರೌನ್ ವೀಲ್ ವೇಗ ಯಾವಾಗಲೂ ಎರಡು ಚಕ್ರದ ವೇಗದ ಸರಾಸರಿ. ಒಂದು ಚಕ್ರ ಪೂರ್ತಿ ನಿಂತರೆ ಇನ್ನೊಂದು ಎರಡರಷ್ಟು ವೇಗದಲ್ಲಿ ಸುತ್ತುತ್ತೆ.

ಈಗ ಬೆಸುಗೆಯವರ ದೂರಿಗೆ ಬರ್ತೀನಿ, ಅದು ಪೂರ್ತಿ ಸುಳ್ಳಲ್ಲ. ಡಿಫರೆನ್ಶಿಯಲ್ ವೇಗವನ್ನ ಹಂಚುತ್ತೆ ನಿಜ, ಎಳೆತವನ್ನ ಮಾತ್ರ ಎರಡೂ ಕಡೆ ಸಮವಾಗಿ ಕೊಡುತ್ತೆ. ನೊಗದ ಹಾಗೆ. ನೇಗಿಲಿನ ಈಸು ನೊಗದ ನಡುವೆ ಕಟ್ಟಿರ್ತೀವಿ, ಒಂದೆತ್ತು ಎಳೆಯದೆ ನಿಂತರೆ ನೊಗ ಆ ಕಡೆಗೆ ವಾಲುತ್ತೆ, ಇನ್ನೊಂದು ಎಷ್ಟೇ ಗಟ್ಟಿ ಎತ್ತಾದರೂ ಅದರ ಎಳೆತ ನೇಗಿಲಿಗೆ ಸೇರಲ್ಲ. ಹಂಗೇ ಒಂದು ಚಕ್ರ ಜಾರು ಕೆಸರಲ್ಲಿದ್ದು ಅದಕ್ಕೆ ಹಿಡಿತ ಸಿಗದಿದ್ದರೆ, ಗಟ್ಟಿ ನೆಲದ ಮೇಲಿರೋ ಚಕ್ರಕ್ಕೂ ಅಷ್ಟೇ ಸಣ್ಣ ಎಳೆತ ಸಿಗುತ್ತೆ. ಜಾರೋ ಚಕ್ರ ಎರಡರಷ್ಟು ವೇಗದಲ್ಲಿ ಸುತ್ತಿ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತೆ. ಈ ಕೊರತೆ ಮಾಡಿದವರಿಗೂ ಗೊತ್ತಿತ್ತು. ಅದಕ್ಕೇ ಲಾಕ್ ಪೆಡಲ್ ಕೊಟ್ಟಿರೋದು. ಒತ್ತಿದಾಗ ಒಂದು ಕಡೆ ಶಾಫ್ಟ್ ಹೌಸಿಂಗ್‌ಗೆ ಕಚ್ಚಿಕೊಂಡು ಎರಡು ಚಕ್ರ ಒಂದಾಗುತ್ವೆ, ಬಿಟ್ಟಾಗ ಮತ್ತೆ ಬೇರೆಯಾಗುತ್ವೆ. ಬೇಕಾದಾಗ ಹಾಕೋ ಚಿಲಕ ಅದು. ಚಿಲಕ ಕೆಟ್ಟಿದೆ ಅಂತ ಬಾಗಿಲಿಗೆ ಗೋಡೆ ಕಟ್ಟಿಸಿದ ಹಾಗೆ ಆಯ್ತು ಬೆಸುಗೆ.

ನಮ್ಮ ಪಕ್ಕದ ಹೊಲದವರು ಕಟ್ಟಿಸಿಕೊಂಡ್ರು. ಹೆಸರು ಬೇಡ, ಓದ್ತಾ ಇರ್ತಾರೆ. ಲಾಕಿನ ಫೋರ್ಕ್ ಸವೆದಿತ್ತು. ರಿಪೇರಿಗೆ ಹೋದರೆ ಬೆಸುಗೆ ಹಾಕಿ ಕಳಿಸಿದ್ರು. ಕೇಜ್ ವೀಲ್ ಹಾಕಿ ಇಪ್ಪತ್ತು ದಿನ ಕೆಸರು ಉಳುಮೆ ಮಾಡಿದ್ರು, ಒಂದು ತೊಂದರೆ ಇಲ್ಲ. ನನ್ನ ಮುಂದೆ ಬಂದು ನಕ್ಕಿದ್ದೂ ಆಯ್ತು. ತೊಂದರೆ ಆಗದಿರೋಕೆ ಕಾರಣ ಬೆಸುಗೆಯ ಗುಣ ಅಲ್ಲ, ಕೆಸರಿನ ಗುಣ. ತಿರುವಿನಲ್ಲಿ ಬಾಕಿ ಉಳಿಯೋ 14 ಅಡಿಯನ್ನ ಕೆಸರು ಜಾರಿಸಿ ತೀರಿಸಿಬಿಡುತ್ತೆ. ಡಾಂಬರು ಹಾಗೆ ತೀರಿಸಲ್ಲ.

ಆಮೇಲೆ ಕಬ್ಬಿನ ಲೋಡ್ ಬಂತು. ಟ್ರೈಲರ್ ಭಾರ ಕೊಕ್ಕೆ ಮೇಲೆ ಕೂತಾಗ ಹಿಂದಿನ ಟೈರು ರಸ್ತೆಯನ್ನ ಇನ್ನೂ ಗಟ್ಟಿಯಾಗಿ ಹಿಡಿಯುತ್ತೆ, ಜಾರೋಕೆ ಒಪ್ಪಲ್ಲ. ಜಾರದ ಲೆಕ್ಕವೆಲ್ಲ ಶಾಫ್ಟಿನ ಮೇಲೆ ತಿರುಚಾಗಿ ಕೂರುತ್ತೆ. ನಾಲೆ ಏರಿ ಮೇಲೆ ಎಡಕ್ಕೆ ತಿರುಗೋ ಜಾಗ, ನಾನು ಹಿಂದೆ ಮೊಪೆಡ್ಡಲ್ಲಿ ಬರ್ತಾ ಇದ್ದೆ. ಅವರು ಸ್ಟೀರಿಂಗ್ ಪೂರ್ತಿ ತಿರುಗಿಸಿದ್ರು. ಹಿಂದಿನ ಎರಡು ಚಕ್ರ ಒಂದೇ ವೇಗದಲ್ಲಿ ನೆಟ್ಟಗೆ ತಳ್ಳುತ್ತಾ ಇದ್ವು, ಮುಂದಿನ ಚಕ್ರ ಜಲ್ಲಿ ಮೇಲೆ ಅಡ್ಡಡ್ಡ ಉಜ್ಜಿಕೊಂಡು ನೆಟ್ಟಗೇ ಹೋಯ್ತು. ಅಭ್ಯಾಸಬಲಕ್ಕೆ ಎಡ ಬ್ರೇಕ್ ಒತ್ತಿದ್ರು. ಒಳಗಿನ ಚಕ್ರ ಹಿಡಿದು ಹೊರಗಿನದು ಓಡಿದರೆ ತಾನೇ ತಿರುಗೋದು? ಬೆಸುಗೆ ಹಾಕಿದ ಮೇಲೆ ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರ ಹಿಡಿಯುತ್ತೆ. ಗಾಡಿ ತಿರುಗಲಿಲ್ಲ, ಹಿಂದಿನಿಂದ ಟ್ರೈಲರ್ ತಳ್ಳಿತು. ಮುಂದಿನ ಬಲಚಕ್ರ ಏರಿಯ ಅಂಚು ದಾಟಿ ಗಾಳಿಯಲ್ಲಿ ನಿಂತಿತ್ತು. ಕೆಳಗೆ ತುಂಬಿದ ನಾಲೆ. ಇಳಿದು ಬಂದವರು ಅರ್ಧ ಗಂಟೆ ಮಾತಾಡಲಿಲ್ಲ.

ಅದಾದ ಮೇಲೂ ಹತ್ತು ದಿನ ಓಡಿಸಿದ್ರು, ಲೋಡ್ ಇದೆ ಅಂತ! ಹನ್ನೊಂದನೇ ದಿನ ಬಲಗಡೆ ಶಾಫ್ಟ್ ಮುರೀತು. ಹೌಸಿಂಗ್ ಬಿಚ್ಚಿದಾಗ ಬೆಸುಗೆಯ ಚೂರು ಎಣ್ಣೆಯಲ್ಲಿ ಸೇರಿ ಬೇರಿಂಗ್ ತಿಂದಿತ್ತು. ಶಾಫ್ಟ್, ಬೇರಿಂಗ್, ಪೂರ್ತಿ ಪಿನಿಯನ್ ಸೆಟ್, ಹೌಸಿಂಗ್, ಎಣ್ಣೆ. ಫೋರ್ಕ್ ರಿಪೇರಿಗೆ ಕೇಳಿದ್ದ ದುಡ್ಡು ಇದರ ಮುಂದೆ ಬೀಡಿ ಖರ್ಚು.

ಲಾಕ್ ಚೆನ್ನಾಗಿದ್ದರೂ ಬಳಸೋದು ಗೊತ್ತಿಲ್ಲದೆ ಇದೇ ಗತಿ ತಂದುಕೊಳ್ಳೋರು ಇದಾರೆ. ಒಂದು ಚಕ್ರ ಜೋರಾಗಿ ಸುತ್ತುತ್ತಾ ಇರುವಾಗಲೇ ಪೆಡಲ್ ಒದೀತಾರೆ. ನಿಂತಿರೋ ಹಲ್ಲಿಗೆ ಓಡೋ ಹಲ್ಲು ಬಂದು ಬಡಿಯುತ್ತೆ, ಅಲ್ಲೇ ಮುರಿಯುತ್ತೆ. ಕ್ಲಚ್ ಒತ್ತಿ, ಚಕ್ರ ನಿಲ್ಲಲಿ, ಪೆಡಲ್ ಒತ್ತಿ ಹಿಡಿದು, ಕ್ಲಚ್ ಮೆಲ್ಲಗೆ ಬಿಡಿ, ನೆಟ್ಟಗೆ ಎದ್ದು ಬನ್ನಿ. ಬದ ಹತ್ತಿರ ಬರೋಕೆ ಮುಂಚೆನೇ ಕಾಲು ತೆಗೀರಿ. ಕೆಲವು ಸಲ ಕಾಲು ತೆಗೆದರೂ ಪೆಡಲ್ ಮೇಲೆ ಬರಲ್ಲ. ಒಳಗೆ ತಿರುಚು ಕೂತು ಹಲ್ಲು ಕಚ್ಚಿಕೊಂಡಿರುತ್ತೆ. ಆಗ ಕ್ಲಚ್ ಒತ್ತಿ ಎಳೆತ ತೆಗೀರಿ, ಆಗಲೂ ಬಿಡದಿದ್ದರೆ ನೆಟ್ಟಗೆ ನಿಧಾನ ಹೋಗ್ತಾ ಸ್ಟೀರಿಂಗನ್ನ ಸ್ವಲ್ಪ ಎಡಕ್ಕೆ ಬಲಕ್ಕೆ ಆಡಿಸಿ, ಟಕ್ ಅಂತ ಬಿಡುತ್ತೆ. ಬಿಟ್ಟಿದೆ ಅಂತ ಗೊತ್ತಾಗದೆ ರಸ್ತೆ ಹತ್ತಬೇಡಿ.

ಹಳೇ ಟ್ರ್ಯಾಕ್ಟರ್ ಕೊಳ್ಳೋರು ಒಂದು ಪರೀಕ್ಷೆ ಮಾಡಿ, ಮಾರೋನು ಬೆಸುಗೆ ವಿಷಯ ಹೇಳಲ್ಲ. ಸಮ ನೆಲದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಮುಂದಿನ ಎರಡು ಮತ್ತು ಹಿಂದಿನ ಒಂದು ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ಇನ್ನೊಂದು ಹಿಂದಿನ ಚಕ್ರ ಜಾಕಿ ಹಾಕಿ ಎತ್ತಿ, ಆಕ್ಸಲ್ ಕೆಳಗೆ ಮರದ ದಿಮ್ಮಿ ಕೊಡಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು. ಈಗ ಎತ್ತಿದ ಚಕ್ರವನ್ನ ಕೈಯಿಂದ ತಿರುಗಿಸಿ. ಸ್ವಲ್ಪ ಬಿಗಿಯಾಗಿ ತಿರುಗಿದರೆ ಡಿಫರೆನ್ಶಿಯಲ್ ಸರಿ ಇದೆ. ಅಲ್ಲಾಡದೆ ನಿಂತರೆ ಲಾಕ್ ಕಚ್ಚಿದೆ, ಇಲ್ಲಾ ಬೆಸುಗೆ ಬಿದ್ದಿದೆ. ಜಾಕಿ ತಂದಿಲ್ಲದಿದ್ದರೆ ಡಾಂಬರಿನ ಮೇಲೆ ಬಿಗಿಯಾಗಿ ಒಂದು ಸುತ್ತು ಹೊಡೆಸಿ ಟೈರಿನ ಗುರುತು ನೋಡಿ. ಕಪ್ಪಗೆ ಉಜ್ಜಿದ ಗೆರೆ ಬಿದ್ದಿದ್ದು, ಟೈರು ಕಿರ್ ಕಿರ್ ಅಂದಿದ್ದು, ಸ್ಟೀರಿಂಗ್ ಕಲ್ಲಿನ ಹಾಗೆ ಭಾರ ಬಂದಿದ್ದರೆ ಮುಂಗಡ ಕೊಡಬೇಡಿ.

ಪಕ್ಕದವರ ಗಾಡಿ ಈಗ ರಿಪೇರಿ ಆಗಿದೆ, ಲಾಕಿನ ಫೋರ್ಕೂ ಹೊಸದು. ಮೊನ್ನೆ ನಮ್ಮ ಗದ್ದೆ ಉತ್ತು ಕೊಟ್ಟರು. ಬದದ ತುದಿಗೆ ಬಂದಾಗೆಲ್ಲ ಅವರ ಹಿಮ್ಮಡಿ ಪೆಡಲಿನಿಂದ ಎದ್ದಿದೆಯಾ ಅಂತ ನಾನೇ ನೋಡ್ತಾ ನಿಂತಿದ್ದೆ.